ಒಂದು ಚಮಚ ಉಪ್ಪಿನ ಕಾವು

ಬೆಂಗಳೂರಿನ ನಮ್ಮ ಮನೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ, ಒಲೆಯ ಮೇಲಿನ ನೀರು ಇನ್ನೇನು ಕುದಿಯಬೇಕು ಎನ್ನುವ ಹೊತ್ತಿನಲ್ಲಿ, ಅತ್ತಿಗೆಯವರು ಒಂದು ಚಮಚ ಪುಡಿಯುಪ್ಪನ್ನು ಅದರೊಳಕ್ಕೆ ಸುರಿದರು. ಸುರಿದದ್ದೇ ತಡ, ನೀರು ಬುಸ್ಸೆಂದು ನೊರೆಗಟ್ಟಿ ಮೇಲೆದ್ದಿತು. “ನೋಡು, ಉಪ್ಪು ಹಾಕಿದರೆ ನೀರು ಬೇಗ ಕುದಿಯುತ್ತೆ” ಎಂದರು ಅವರು. ಪಕ್ಕದಲ್ಲಿ ನಿಂತಿದ್ದ ಅವರ ಮಗ, ಪಿಯುಸಿಯಲ್ಲಿ ರಸಾಯನಶಾಸ್ತ್ರವನ್ನು ಓದುತ್ತಿರುವವನು, ಸುಮ್ಮನಿರಲಿಲ್ಲ. “ಇಲ್ಲಮ್ಮ, ನೀನು ಹೇಳೋದು ತಲೆಕೆಳಗು. ಉಪ್ಪು ಹಾಕಿದರೆ ಕುದಿಬಿಂದು ಏರುತ್ತೆ, ಆದ್ದರಿಂದ ಕುದಿಯೋದು ತಡ, ಆದರೆ ನೀರು ಹೆಚ್ಚು ಬಿಸಿಯಾಗೋದರಿಂದ ಬೇಳೆ ಬೇಗ ಬೇಯುತ್ತೆ” ಎಂದು ಪರೀಕ್ಷೆಗೆ ಬರೆದ ಉತ್ತರವನ್ನೇ ಒಪ್ಪಿಸಿದನು. ಇಬ್ಬರೂ ತೀರ್ಪಿಗಾಗಿ ನನ್ನ ಕಡೆಗೆ ತಿರುಗಿದರು. ಅತ್ತಿಗೆಯವರು ಕಂಡದ್ದು ಕಣ್ಣಿಗೆ ಕಂಡ ಸತ್ಯ. ಹುಡುಗನು ಹೇಳಿದ್ದು ಶಾಸ್ತ್ರದಲ್ಲಿರುವ ಸತ್ಯ. ಹಾಗಿದ್ದೂ ಇಬ್ಬರ ನಿರ್ಣಯವೂ ಆ ಪಾತ್ರೆಯ ಮಟ್ಟಿಗೆ ಸರಿಯಾಗಿರಲಿಲ್ಲ ಎಂಬುದನ್ನು ಅವರಿಗೆ ಮನಗಾಣಿಸಲು ನನಗೆ ಆ ಬೆಳಗೆಲ್ಲ ಹಿಡಿಯಿತು.

ಹುಡುಗನ ಮಾತಿನಲ್ಲಿದ್ದ ದೋಷ ದಿಕ್ಕಿನದಲ್ಲ, ಪ್ರಮಾಣದ್ದು. ಉಪ್ಪು ಕುದಿಬಿಂದುವನ್ನು ಏರಿಸುತ್ತದೆ ಎಂಬುದು ನಿಸ್ಸಂದೇಹವಾದ ಸಂಗತಿ. ಆದರೆ ಎಷ್ಟು ಏರಿಸುತ್ತದೆ ಎಂದು ಅವನು ಕೇಳಿಕೊಂಡಿರಲಿಲ್ಲ. ಪಠ್ಯಪುಸ್ತಕವು ‘ಏರುತ್ತದೆ’ ಎಂದು ಕ್ರಿಯಾಪದವನ್ನು ಹೇಳಿ ನಿಲ್ಲಿಸಿದಾಗ ನಾವು ಅದಕ್ಕೆ ನಮ್ಮ ಕಲ್ಪನೆಯಿಂದ ಐದು ಡಿಗ್ರಿಯನ್ನೋ ಹತ್ತು ಡಿಗ್ರಿಯನ್ನೋ ಜೋಡಿಸಿಕೊಳ್ಳುತ್ತೇವೆ. ಈ ಜೋಡಣೆ ಎಷ್ಟು ಉತ್ಪ್ರೇಕ್ಷಿತವಾದದ್ದು ಎಂಬುದನ್ನು ತಿಳಿಯಲು ಕುದಿಯುವುದೆಂದರೇನು ಎಂಬ ಮೂಲದಿಂದಲೇ ಆರಂಭಿಸುವುದು ಒಳ್ಳೆಯದು.

ನೀರಿನ ಅಣುಗಳು ಒಂದೇ ಸಮನೆ ಚಲಿಸುತ್ತಿರತಕ್ಕವು. ಅವುಗಳಲ್ಲಿ ಕೆಲವು ಸದಾ ಮೇಲ್ಮೈಯನ್ನು ಸೀಳಿಕೊಂಡು ಆವಿಯಾಗಿ ಹೊರಬೀಳುತ್ತವೆ. ಹೀಗೆ ಹೊರಬಿದ್ದ ಆವಿಯು ಒತ್ತುವ ಬಲಕ್ಕೆ ಆವಿಯೊತ್ತಡವೆಂದು ಹೆಸರು. ನೀರು ತಣ್ಣಗಿರುವಾಗ ಈ ಒತ್ತಡ ಅತ್ಯಲ್ಪ. ಕಾವು ಏರಿದಂತೆ ಅದೂ ಏರುತ್ತದೆ, ಮತ್ತು ಯಾವ ಉಷ್ಣತೆಯಲ್ಲಿ ಅದು ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾಗುವುದೋ ಆ ಉಷ್ಣತೆಯಲ್ಲಿ ನೀರಿನ ಒಡಲೊಳಗೇ ಆವಿಯ ಗುಳ್ಳೆಗಳು ಹುಟ್ಟಿ, ಗಾಳಿಯ ಭಾರವನ್ನು ಎದುರಿಸಿ ಬದುಕಿ, ಮೇಲಕ್ಕೆ ಬರಲು ಶಕ್ತವಾಗುತ್ತವೆ. ಇದೇ ಕುದಿ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಪಾದರಸದ 760 ಮಿಲಿಮೀಟರ್ ಇರುವುದರಿಂದ ಅಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಇಲ್ಲಿ ಒಂದು ಅಂಕಿಯನ್ನು ಮಾತ್ರ ಓದುಗರು ನೆನಪಿನಲ್ಲಿಡಬೇಕು: ಆ ಉಷ್ಣತೆಯ ಆಸುಪಾಸಿನಲ್ಲಿ ನೀರು ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ಆವಿಯೊತ್ತಡ ಸುಮಾರು ನೂರಕ್ಕೆ 3.6ರಷ್ಟು ಹೆಚ್ಚುತ್ತದೆ. ಮುಂದಿನ ಲೆಕ್ಕವೆಲ್ಲ ನಿಂತಿರುವುದು ಈ ಒಂದು ಅಂಕಿಯ ಮೇಲೆ.

ಈಗ ಈ ನೀರಿಗೆ ಉಪ್ಪು ಬಂದಿತೆನ್ನೋಣ. ಕರಗಿದ ಉಪ್ಪು ಆವಿಯಾಗುವ ವಸ್ತುವಲ್ಲ. ನೀರಿನ ಅಣುಗಳ ನಡುವೆ ಅದು ಸ್ಥಾನವನ್ನು ಆಕ್ರಮಿಸಿಕೊಂಡು ಕುಳಿತುಕೊಳ್ಳುತ್ತದೆ, ತಾನು ಮಾತ್ರ ಹೊರಹೋಗುವುದಿಲ್ಲ. ಹೀಗಾಗಿ ಹೊರಬೀಳುವ ನೀರಿನ ಅಣುಗಳ ಸಂಖ್ಯೆ ತುಸು ಕಡಮೆಯಾಗಿ, ಆವಿಯೊತ್ತಡ ತುಸು ತಗ್ಗುತ್ತದೆ. ಎಷ್ಟು ತಗ್ಗುತ್ತದೆ ಎಂಬುದಕ್ಕೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞನಾದ ಫ್ರಾನ್ಸ್ವಾ ರೌಲ್ ಎಂಬಾತನು ಬಹಳ ಸರಳವಾದ ನಿಯಮವೊಂದನ್ನು ಕಂಡುಕೊಂಡನು: ದ್ರಾವಣದಲ್ಲಿರುವ ಒಟ್ಟು ಕಣಗಳಲ್ಲಿ ಹೊರಗಿನಿಂದ ಬಂದ ಕಣಗಳ ಪಾಲು ಎಷ್ಟೋ, ಆವಿಯೊತ್ತಡದಲ್ಲಿ ಆಗುವ ಇಳಿತವೂ ಅಷ್ಟೇ. ಬಂದ ಕಣ ಉಪ್ಪಿನದೋ ಸಕ್ಕರೆಯದೋ, ಹಗುರವೋ ಭಾರವೋ ಎಂಬ ವಿಚಾರಣೆ ಈ ನಿಯಮಕ್ಕೆ ಇಲ್ಲ. ತಲೆಯೆಣಿಕೆಯೊಂದೇ ಅದಕ್ಕೆ ಬೇಕಾದದ್ದು.

ತಲೆಯೆಣಿಕೆಯಲ್ಲಿ ಉಪ್ಪಿಗೆ ಒಂದು ವಿಶೇಷ ಅನುಕೂಲವುಂಟು. ಅದು ನೀರಿನಲ್ಲಿ ಕರಗುವಾಗ ಅಖಂಡವಾಗಿ ಉಳಿಯದೆ ಸೋಡಿಯಂ ಮತ್ತು ಕ್ಲೋರೈಡ್ ಎಂಬ ಎರಡು ಅಯಾನುಗಳಾಗಿ ಒಡೆಯುತ್ತದೆ. ಆದ್ದರಿಂದ ಒಂದು ಎಂದು ಎಣಿಸಬೇಕಾದಲ್ಲಿ ಎರಡೆಂದು ಎಣಿಸಬೇಕಾಗುತ್ತದೆ. ಉಪ್ಪಿನ ದ್ರಾವಣಗಳು ಲೆಕ್ಕಕ್ಕಿಂತ ಇಮ್ಮಡಿ ಪರಿಣಾಮವನ್ನು ಏಕೆ ತೋರಿಸುತ್ತವೆ ಎಂಬ ಒಗಟಿಗೆ ಈ ಉತ್ತರವನ್ನು 1880ರ ದಶಕದಲ್ಲಿ ಕೊಟ್ಟವನು ಸ್ವೀಡನ್ನಿನ ತರುಣ ಸ್ವಾಂಟೆ ಅರ್ಹೇನಿಯಸ್. ಆಗ ಅನೇಕರು ನಂಬದಿದ್ದ ಆ ಸಿದ್ಧಾಂತಕ್ಕೆ 1903ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ಸಾರಿನ ಪಾತ್ರೆಯ ಲೆಕ್ಕದಲ್ಲಿ ಎರಡರಿಂದ ಗುಣಿಸುವ ಹಕ್ಕು ನಮಗೆ ಬಂದದ್ದು ಅವನಿಂದ.

ಇನ್ನು ಲೆಕ್ಕ. ಸಮತಟ್ಟಾದ ಒಂದು ಸಣ್ಣ ಚಮಚದಲ್ಲಿ ಸುಮಾರು 6 ಗ್ರಾಂ ಪುಡಿಯುಪ್ಪು ಹಿಡಿಯುತ್ತದೆ. ಅದನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿದರೆ, ನೀರಿನ ಅಣುವಿನ ತೂಕ 18 ಮತ್ತು ಉಪ್ಪಿನದು 58.5 ಎಂಬುದನ್ನು ಹಿಡಿದು ಎಣಿಸಿದಾಗ, ಅಯಾನುಗಳನ್ನು ಬಿಡಿಬಿಡಿಯಾಗಿ ಲೆಕ್ಕಕ್ಕೆ ತೆಗೆದುಕೊಂಡರೂ, ಸುಮಾರು 270 ನೀರಿನ ಅಣುಗಳಿಗೆ ಒಂದೇ ಒಂದು ಹೊರಗಿನ ಕಣ ಬರುತ್ತದೆ. ಚಮಚದಲ್ಲಿ ಕಂಡಾಗ ರಾಶಿಯಾಗಿದ್ದ ಉಪ್ಪು ನೀರಿನ ಜನಸಂದಣಿಯಲ್ಲಿ ಇಷ್ಟು ವಿರಳವಾಗಿಬಿಡುತ್ತದೆ. ಇನ್ನೂರೆಪ್ಪತ್ತರಲ್ಲಿ ಒಂದು ಎಂದರೆ ನೂರಕ್ಕೆ 0.37, ಆವಿಯೊತ್ತಡ ತಗ್ಗುವುದೂ ಅಷ್ಟೇ. ಈ ನಷ್ಟವನ್ನು ತುಂಬಿಕೊಳ್ಳಲು ನೀರು ಎಷ್ಟು ಹೆಚ್ಚು ಬಿಸಿಯಾಗಬೇಕು? ಒಂದು ಡಿಗ್ರಿಗೆ ನೂರಕ್ಕೆ 3.6ರಷ್ಟು ಒತ್ತಡ ಏರುವುದೆಂದು ಮೇಲೆ ಹೇಳಿದೆನಷ್ಟೆ, 0.37ನ್ನು 3.6ರಿಂದ ಭಾಗಿಸಿದರೆ ಬರುವುದು 0.1. ಅಂದರೆ ಅತ್ತಿಗೆಯವರ ಆ ಒಂದು ಚಮಚ ಉಪ್ಪು ಏರಿಸಿದ ಕಾವು ಒಂದು ಡಿಗ್ರಿಯ ಹತ್ತನೆಯ ಒಂದಂಶ ಮಾತ್ರ.

ಹುಡುಗನಿಗೆ ಇದು ನಂಬಿಕೆಯಾಗಲಿಲ್ಲ. ಲೆಕ್ಕ ಲೆಕ್ಕವಾಗಿರಲಿ, ನೋಡಿಯೇ ಬಿಡೋಣವೆಂದು ನಾವು ಒಲೆಯ ಮುಂದೆ ನಿಂತೆವು. ನನ್ನಲ್ಲಿ ಹಳೆಯ ಕಾಲದ ಪಾದರಸದ ಉಷ್ಣಮಾಪಕವೊಂದಿತ್ತು. ಅದರ ಗಾಜಿನ ಮೇಲೆ ಡಿಗ್ರಿಯ ಹತ್ತನೆಯ ಭಾಗಗಳೂ ಗೀರಿಟ್ಟಿದ್ದವು. ಒಂದು ಸ್ಟೀಲ್ ಪಾತ್ರೆಗೆ ಅಳೆದು ಒಂದು ಲೀಟರ್ ನೀರು ಹಾಕಿ, ಉಷ್ಣಮಾಪಕವು ತಳಕ್ಕೆ ತಾಕದಂತೆ ದಾರದಲ್ಲಿ ತೂಗುಹಾಕಿದೆವು. ತಳಕ್ಕೆ ತಾಕಿದರೆ ಅದು ನೀರಿನ ಕಾವನ್ನು ಬಿಟ್ಟು ಲೋಹದ ಕಾವನ್ನು ತೋರಿಸಿಬಿಡುತ್ತದೆ. ನೀರು ನಿರಾತಂಕವಾಗಿ ಕುದಿಯತೊಡಗಿದಾಗ ಪಾದರಸ ನಿಂತದ್ದು 96.6ರಲ್ಲಿ. ಬೆಂಗಳೂರಿನ ಎತ್ತರಕ್ಕೆ 97 ಬರಬೇಕಾಗಿತ್ತು. ಪಾದರಸದ ಎಳೆಯಲ್ಲಿ ಬಹುಭಾಗ ನೀರಿನಿಂದ ಹೊರಗೆ, ತಣ್ಣಗಿನ ಗಾಳಿಯಲ್ಲಿ ಇದ್ದುದರಿಂದ ಹೀಗೆ ನಾಲ್ಕು ಗೀರು ಕೊರೆಯಾಯಿತು. ನಮಗೆ ಬೇಕಾದದ್ದು ಎರಡು ಓದುಗಳ ಅಂತರವೇ ಹೊರತು ನಿಜವಾದ ಉಷ್ಣತೆಯಲ್ಲವಾದ್ದರಿಂದ ಈ ಕೊರೆ ಎರಡು ಕಡೆಯೂ ಸಮನಾಗಿದ್ದು ಹೊಡೆದುಹೋಗುತ್ತದೆ.

6 ಗ್ರಾಂ ಉಪ್ಪನ್ನು ಹಾಕಿ ಕರಗಿಸಿ ನೋಡಿದೆವು. ಪಾದರಸ ಒಂದು ಗೀರು ಏರಿತೆಂದು ಹುಡುಗ, ಏರಲೇ ಇಲ್ಲವೆಂದು ಅತ್ತಿಗೆ. ಕುದಿಯುವ ನೀರಿನಲ್ಲಿ ಪಾದರಸವೇ ಅಷ್ಟು ತೂಗಾಡುತ್ತಿರುತ್ತದೆಯಾದ್ದರಿಂದ, ಕಣ್ಣನ್ನು ಸ್ವಲ್ಪ ಮೇಲಿಟ್ಟು ನೋಡಿದರೆ ಒಂದು, ಕೆಳಗಿಟ್ಟು ನೋಡಿದರೆ ಇನ್ನೊಂದು. ಹತ್ತನೆಯ ಒಂದಂಶವೆಂಬುದು ನಮ್ಮ ಉಪಕರಣದ ಅಂಚಿನಲ್ಲಿಯೇ ಇತ್ತು. ಹೀಗೆ ಅಂಚಿನಲ್ಲಿರುವುದನ್ನು ನಿಶ್ಚಯಿಸಬೇಕಾದರೆ ಕಾರಣವನ್ನು ಹಿಗ್ಗಿಸಿ ನೋಡುವುದೇ ಉಪಾಯ. ಉಪ್ಪನ್ನು ಒಟ್ಟು 30 ಗ್ರಾಂಗೆ ಏರಿಸಿದೆವು, ಪಾದರಸ 97.1ಕ್ಕೆ ಬಂದಿತು. 60 ಗ್ರಾಂಗೆ ಏರಿಸಿದೆವು, 97.6. ಈಗ ತಕರಾರಿಗೆ ಎಡೆಯಿರಲಿಲ್ಲ: ಅರವತ್ತು ಗ್ರಾಂಗೆ ಒಂದು ಡಿಗ್ರಿ, ಆರು ಗ್ರಾಂಗೆ ಅದರ ಹತ್ತನೆಯ ಒಂದು ಪಾಲು. ಅರವತ್ತು ಗ್ರಾಂ ಉಪ್ಪು ಬಿದ್ದ ಆ ಒಂದು ಲೀಟರ್ ನೀರಿನ ಒಂದು ಹನಿಯನ್ನು ಆರಿಸಿ ನಾಲಿಗೆಗೆ ಮುಟ್ಟಿಸಿಕೊಂಡ ಹುಡುಗನ ಮುಖವನ್ನು ನೋಡಿ ಅತ್ತಿಗೆಯವರು ನಕ್ಕರು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅರಬ್ಬೀ ಸಮುದ್ರವನ್ನೇ ಕೊಡದಲ್ಲಿ ತುಂಬಿಕೊಂಡು ಬಂದು ಒಲೆಯ ಮೇಲಿಟ್ಟರೂ ಅದು ಸಿಹಿನೀರಿಗಿಂತ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಕಾವಿನಲ್ಲಿ ಕುದಿಯುವುದೇ ಹೊರತು ಅದಕ್ಕಿಂತ ಬಹಳ ಮೀರದು.

ಈ ಪ್ರಯೋಗದಲ್ಲಿ ನಮ್ಮನ್ನು ಮೋಸಗೊಳಿಸಬಹುದಾಗಿದ್ದ ಸಂಗತಿಯೊಂದು ಆಮೇಲೆ ಎದುರಾಯಿತು. ಮುಚ್ಚಳವಿಲ್ಲದೆ ಪಾತ್ರೆಯನ್ನು ಹಾಗೆಯೇ ಕುದಿಯಲು ಬಿಟ್ಟು ನಾವು ಕಾಫಿ ಕುಡಿದು ಬರುವಷ್ಟರಲ್ಲಿ ಪಾದರಸ ತಾನಾಗಿಯೇ 97.9ಕ್ಕೆ ಏರಿ ನಿಂತಿತ್ತು. ಯಾರೂ ಉಪ್ಪು ಹಾಕಿರಲಿಲ್ಲ. ನೀರು ಮಾತ್ರ ಮುಕ್ಕಾಲು ಲೀಟರಿಗೆ ಇಳಿದಿತ್ತು. ಉಪ್ಪು ಅಷ್ಟೇ ಇದ್ದು ನೀರು ಕಡಮೆಯಾದರೆ ತಲೆಯೆಣಿಕೆಯಲ್ಲಿ ಉಪ್ಪಿನ ಪಾಲು ಹೆಚ್ಚುವುದಷ್ಟೆ. ಶುದ್ಧವಾದ ನೀರಿಗೂ ದ್ರಾವಣಕ್ಕೂ ಇರುವ ಸ್ಫುಟವಾದ ಭೇದವಿದು: ಶುದ್ಧ ನೀರು ಕಡೆಯ ಹನಿಯವರೆಗೂ ಒಂದೇ ಕಾವಿನಲ್ಲಿ ಕುದಿಯುತ್ತದೆ, ದ್ರಾವಣವು ಕುದಿದಷ್ಟೂ ತನ್ನ ಕುದಿಬಿಂದುವನ್ನು ತಾನೇ ಏರಿಸಿಕೊಳ್ಳುತ್ತ ಹೋಗುತ್ತದೆ. ಈ ಮಾತು ಮುಂದೆ ನಮಗೆ ಬೇಕಾಗುವುದು.

ಹತ್ತನೆಯ ಒಂದು ಡಿಗ್ರಿ ಎಂಬುದು ಎಷ್ಟು ಸಣ್ಣದೆಂಬುದನ್ನು ಮನಸ್ಸಿಗೆ ತಂದುಕೊಳ್ಳಲು, ಕುದಿಬಿಂದುವನ್ನು ನಮಗೆ ತಿಳಿಯದಂತೆಯೇ ಏರಿಳಿಸುತ್ತಿರುವ ಇನ್ನೊಂದು ಕಾರಣವನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಅದು ನಮ್ಮ ತಲೆಯ ಮೇಲಿನ ಗಾಳಿ. ಮೇಲಕ್ಕೆ ಹೋದಂತೆ ಗಾಳಿಯ ಭಾರ ಕಡಮೆಯಾಗುತ್ತದೆ. ಸುಮಾರು ಮೂವತ್ತು ಮೀಟರ್ ಏರಿದರೆ ನೀರಿನ ಕುದಿಬಿಂದು ಒಂದು ಡಿಗ್ರಿಯ ಹತ್ತನೆಯ ಒಂದಂಶ ಇಳಿಯುತ್ತದೆ. ಮೂವತ್ತು ಮೀಟರ್ ಎಂದರೆ ಹತ್ತು ಅಂತಸ್ತಿನ ಕಟ್ಟಡ. ಅಂದಮೇಲೆ ನೆಲದಂತಸ್ತಿನಲ್ಲಿ ಉಪ್ಪಿಲ್ಲದ ನೀರು ಕಾಯಿಸುವವರಿಗೂ, ಹತ್ತನೆಯ ಅಂತಸ್ತಿನಲ್ಲಿ ಲೀಟರಿಗೆ ಒಂದು ಚಮಚ ಉಪ್ಪು ಹಾಕಿ ಕಾಯಿಸುವವರಿಗೂ ಕುದಿಬಿಂದು ಒಂದೇ. ಉಪ್ಪು ಕೊಟ್ಟದ್ದನ್ನು ಲಿಫ್ಟು ಕಸಿದುಕೊಂಡಿರುತ್ತದೆ.

ಮನೆಯನ್ನು ಬದಲಿಸದೆ ಕುಳಿತರೂ ಗಾಳಿ ಸುಮ್ಮನಿರುವುದಿಲ್ಲ. ಸಮುದ್ರಕ್ಕೆ ಉಬ್ಬರವಿಳಿತಗಳಿರುವಂತೆ ವಾಯುಮಂಡಲಕ್ಕೂ ಸೂರ್ಯನ ಕಾವಿನಿಂದ ಉಂಟಾಗುವ ನಿತ್ಯದ ಉಬ್ಬರವಿಳಿತಗಳುಂಟು. ನಮ್ಮಂತಹ ಉಷ್ಣವಲಯದ ನಾಡುಗಳಲ್ಲಿ ಅವು ಗಡಿಯಾರದಷ್ಟು ಕ್ರಮವಾಗಿ ನಡೆಯುತ್ತವೆ. ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಏರಿದ ವಾಯುಭಾರ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಪಾದರಸದ ಎರಡೂವರೆ ಮೂರು ಮಿಲಿಮೀಟರ್‌ನಷ್ಟು ಇಳಿದಿರುತ್ತದೆ. ಇಪ್ಪತ್ತೈದು ಮಿಲಿಮೀಟರಿಗೆ ಒಂದು ಡಿಗ್ರಿಯಂತೆ ಹಿಡಿದರೆ ಇದೂ ಒಂದು ಡಿಗ್ರಿಯ ಹತ್ತನೆಯ ಒಂದಂಶವೇ ಆಯಿತು. ಬೆಳಗಿನ ಸಾರಿಗೆ ಕುದಿಸಿದ ಸಪ್ಪೆ ನೀರೂ ಸಂಜೆಯ ಕಾಫಿಯ ಹೊತ್ತಿಗೆ ಕುದಿಸಿದ ಉಪ್ಪುನೀರೂ ಒಂದೇ ಕಾವಿನಲ್ಲಿ ಕುದಿಯುತ್ತವೆ ಎಂದ ಮೇಲೆ, ಈ ಉಪ್ಪಿನ ಕಾವನ್ನು ನಂಬಿ ಅಡುಗೆಯಲ್ಲಿ ಯಾವ ವ್ಯವಹಾರವನ್ನು ನಡೆಸಲಾದೀತು?

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಮೂರು ಡಿಗ್ರಿಯನ್ನು ನಾವು ಒಲೆ ಹಚ್ಚುವುದಕ್ಕೆ ಮುಂಚೆಯೇ ಕಳೆದುಕೊಂಡಿದ್ದೇವೆ. ಮಂಗಳೂರಿನ ಅಡುಗೆಮನೆಯಲ್ಲಿ ಬಿಟ್ಟಿಯಾಗಿ ದೊರೆಯುವ 100 ಡಿಗ್ರಿಯನ್ನು ಬೆಂಗಳೂರಿನವರು ಉಪ್ಪಿನಿಂದಲೇ ಸಂಪಾದಿಸುತ್ತೇವೆಂದು ಹಟ ಹಿಡಿದರೆ ಲೀಟರಿಗೆ ಸುಮಾರು 170 ಗ್ರಾಂ, ಎಂದರೆ ಸಮುದ್ರದ ಉಪ್ಪಿನ ಐದರಷ್ಟು ಹಾಕಬೇಕಾಗುತ್ತದೆ. ಮಡಿಕೇರಿಯವರಿಗೆ ನೀರು ಕುದಿಯುವುದು 96ರ ಹತ್ತಿರ. ಅವರ ಉಪ್ಪಿನ ಖರ್ಚು ಇನ್ನೂ ಹೆಚ್ಚು.

ಈಗ ಹುಡುಗನ ವಾದದ ಎರಡು ತುದಿಗಳನ್ನೂ ಕಾಲದಲ್ಲಿ ಅಳೆದು ನೋಡೋಣ. ಕುದಿಯುವುದು ತಡವಾಗುತ್ತದೆಯೆಂದನಷ್ಟೆ? ಒಂದು ಲೀಟರ್ ನೀರು 25 ಡಿಗ್ರಿಯಿಂದ 97ಕ್ಕೆ ಏರಲು ನಮ್ಮ ಒಲೆಯ ಮೇಲೆ ಐದು ನಿಮಿಷ ತೆಗೆದುಕೊಂಡರೆ, ಒಂದು ಡಿಗ್ರಿಗೆ ನಾಲ್ಕು ಸೆಕೆಂಡಾಯಿತು. ಹತ್ತನೆಯ ಒಂದು ಡಿಗ್ರಿಗೆ ಅರ್ಧ ಸೆಕೆಂಡೂ ಇಲ್ಲ, ಒಂದು ಸಲ ರೆಪ್ಪೆ ಬಡಿಯುವಷ್ಟು ಕಾಲ. ಬೇಳೆ ಬೇಗ ಬೇಯುತ್ತದೆಯೆಂದನಷ್ಟೆ? ಬೇಯುವಂತಹ ರಾಸಾಯನಿಕ ಕ್ರಿಯೆಗಳು ಹತ್ತು ಡಿಗ್ರಿ ಏರಿದರೆ ಸ್ಥೂಲವಾಗಿ ಎರಡರಷ್ಟು ವೇಗವಾಗುತ್ತವೆಂಬ ರೂಢಿಯ ಲೆಕ್ಕವನ್ನು ಒಪ್ಪಿಕೊಂಡರೆ, ಇಪ್ಪತ್ತು ನಿಮಿಷ ಬೇಯಬೇಕಾದ ಪದಾರ್ಥಕ್ಕೆ ಈ ಉಪ್ಪಿನ ಕಾವಿನಿಂದ ಉಳಿಯುವುದು ಎಂಟು ಸೆಕೆಂಡು. ಬೆಂದಿದೆಯೇ ಎಂದು ಸೌಟಿನಲ್ಲಿ ಒಂದು ಬೇಳೆಯನ್ನು ತೆಗೆದು ಊದಿ ಆರಿಸಿ ಬೆರಳಲ್ಲಿ ಹಿಸುಕಿ ನೋಡುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅದೇ ಲೆಕ್ಕದಲ್ಲಿ ಬೆಂಗಳೂರಿನ ಎತ್ತರ ಕದಿಯುವ ಮೂರು ಡಿಗ್ರಿಯ ಬೆಲೆ ನಾಲ್ಕೂವರೆ ನಿಮಿಷಕ್ಕೂ ಮೇಲಾಗುತ್ತದೆಂಬುದನ್ನು ಹೋಲಿಸಿದಾಗ, ಗಮನ ಕೊಡಬೇಕಾದದ್ದು ಯಾವುದಕ್ಕೆಂಬುದು ತಾನಾಗಿ ಹೊಳೆಯುವುದು.

ಹುಡುಗನ ಬಾಯಿ ಕಟ್ಟಿದ್ದನ್ನು ಕಂಡು ಅತ್ತಿಗೆಯವರಿಗೆ ಸಂತೋಷವಾಯಿತು. “ಹಾಗಾದರೆ ನಾನು ಕಣ್ಣಾರೆ ಕಂಡದ್ದು?” ಎಂದು ಕೇಳಿದರು. ಅವರ ಕಣ್ಣನ್ನು ಅಲ್ಲಗಳೆಯುವಂತಿರಲಿಲ್ಲ. ಉಪ್ಪು ಬಿದ್ದೊಡನೆ ನೀರು ನೊರೆಗಟ್ಟಿದ್ದು ನಿಜ. ಆದರೆ ಅದಕ್ಕೂ ಕುದಿಬಿಂದುವಿಗೂ ಸಂಬಂಧವಿಲ್ಲ. ಆವಿಯ ಗುಳ್ಳೆಗೆ ಹುಟ್ಟಲು ಒಂದು ಆಸರೆ ಬೇಕು. ಪಾತ್ರೆಯ ತಳದ ಗೀರುಗಳಲ್ಲಿ, ಮೂಲೆಗಳಲ್ಲಿ ಸಿಕ್ಕಿಕೊಂಡಿರುವ ಗಾಳಿಯ ಕಣಗಳೇ ಸಾಮಾನ್ಯವಾಗಿ ಆ ಆಸರೆ. ನುಣುಪಾದ ಪಾತ್ರೆಯಲ್ಲಿ ನೀರು ಕುದಿಬಿಂದುವನ್ನು ಮುಟ್ಟಿಯೂ, ಕೆಲವೊಮ್ಮೆ ತುಸು ದಾಟಿಯೂ, ಗುಳ್ಳೆಗೆ ನೆಲೆ ಸಿಗದೆ ಸುಮ್ಮನೆ ನಿಂತಿರುತ್ತದೆ. ಆ ಸಮಯದಲ್ಲಿ ಒಂದು ಚಮಚ ಪುಡಿಯುಪ್ಪು ಬಿದ್ದರೆ ಅದರ ಸಾವಿರಾರು ಹರಳುಗಳ ಮೂಲೆಮುಡುಕುಗಳಲ್ಲಿ ಗಾಳಿ ಅಡಗಿ ಬಂದಿರುವುದರಿಂದ ಏಕಕಾಲದಲ್ಲಿ ಸಾವಿರಾರು ಗುಳ್ಳೆಗಳಿಗೆ ಜನ್ಮಸ್ಥಾನ ದೊರೆತಂತಾಗಿ ನೀರೆಲ್ಲ ಒಮ್ಮೆಲೇ ಬುಸುಗುಟ್ಟುತ್ತದೆ. ಹರಳುಗಳು ಕರಗಿದೊಡನೆ ಆ ಗದ್ದಲವೂ ಅಡಗುತ್ತದೆ.

ಇದನ್ನು ಬಾಯಿಮಾತಿನಲ್ಲಿ ಒಪ್ಪಬೇಕಾಗಿಲ್ಲ. ಎರಡು ಪರೀಕ್ಷೆಗಳು ಅಡುಗೆಮನೆಯಲ್ಲಿಯೇ ಸಾಧ್ಯ. ಮೊದಲನೆಯದು, ಉಪ್ಪಿಗೆ ಬದಲಾಗಿ ಒಂದು ಚಮಚ ರವೆಯನ್ನೋ ತೊಳೆದು ಒಣಗಿಸಿದ ಮರಳನ್ನೋ ಹಾಕುವುದು. ಮರಳು ಕರಗುವುದಿಲ್ಲ, ಕುದಿಬಿಂದುವನ್ನು ಎಳ್ಳಷ್ಟೂ ಬದಲಿಸುವುದಿಲ್ಲ, ಆದರೂ ನೀರು ಹಾಗೆಯೇ ನೊರೆಗಟ್ಟುತ್ತದೆ. ಎರಡನೆಯದು, ಅಷ್ಟೇ ಉಪ್ಪನ್ನು ಬೇರೆ ಬಟ್ಟಲಿನ ಕುದಿನೀರಿನಲ್ಲಿ ಮೊದಲೇ ಕರಗಿಸಿಕೊಂಡು ಆ ದ್ರಾವಣವನ್ನು ಸುರಿಯುವುದು; ಉಪ್ಪು ಹೋಯಿತು, ನೊರೆ ಬರಲಿಲ್ಲ. ಅತ್ತಿಗೆಯವರು ಎರಡನ್ನೂ ತಾವೇ ಮಾಡಿ ನೋಡಿ, “ಸರಿ, ಗದ್ದಲ ಮಾಡಿದ್ದು ಉಪ್ಪಲ್ಲ, ಹರಳು” ಎಂದು ಒಪ್ಪಿಕೊಂಡರು. ಈ ಗದ್ದಲ ಒಮ್ಮೊಮ್ಮೆ ಅಪಾಯಕಾರಿಯೂ ಹೌದು: ನಿಶ್ಚಲವಾಗಿ ಕಾದು ನಿಂತ ನೀರಿಗೆ ಹಿಡಿ ಉಪ್ಪನ್ನು ಸುರಿದರೆ ಅದು ಉಕ್ಕಿ ಕೈಯ ಮೇಲೆ ಬರುವುದುಂಟು.

ಉಪ್ಪಿನ ಕಾವು ಎಲ್ಲಿ ಸ್ವಲ್ಪವೂ ಉಪಯೋಗಕ್ಕೆ ಬಾರದೋ ಅಂತಹ ಸ್ಥಳ ಇಡ್ಲಿಯ ಪಾತ್ರೆ. ಅದರ ತಳದ ನೀರಿಗೆ ಎಷ್ಟು ಉಪ್ಪು ಹಾಕಿದರೂ ಮೇಲಿನ ಇಡ್ಲಿಗೆ ಅದರಿಂದ ಲಾಭವಿಲ್ಲ. ಉಪ್ಪುನೀರಿನಿಂದ ಹೊರಡುವ ಹಬೆ ಶುದ್ಧವಾದ ನೀರಿನ ಆವಿಯೇ. ಅದು ತಣ್ಣಗಿನ ಹಿಟ್ಟಿಗೆ ತಾಕಿ ಹನಿಯಾಗಿ ಕರಗುವಾಗ ಆ ದಿನದ ಗಾಳಿಯ ಒತ್ತಡಕ್ಕೆ ಶುದ್ಧ ನೀರು ಯಾವ ಕಾವಿನಲ್ಲಿ ಕುದಿಯಬೇಕೋ ಆ ಕಾವಿನಲ್ಲಿಯೇ ಹನಿಯಾಗುತ್ತದೆ. ಉಷ್ಣಮಾಪಕಗಳ ಮೇಲಿನ ಗುರುತನ್ನು ನಿಶ್ಚಯಿಸುವ ಪ್ರಶ್ನೆ ಹದಿನೆಂಟನೆಯ ಶತಮಾನದಲ್ಲಿ ಬಂದಾಗ, ಲಂಡನ್ನಿನ ರಾಯಲ್ ಸೊಸೈಟಿಯು ಹೆನ್ರಿ ಕ್ಯಾವೆಂಡಿಷನ ನೇತೃತ್ವದಲ್ಲಿ ನೇಮಿಸಿದ ಸಮಿತಿ 1777ರಲ್ಲಿ ಕೊಟ್ಟ ಸಲಹೆ ಇದಕ್ಕೆ ಹೊಂದಿಕೊಂಡಿದೆ: ಉಷ್ಣಮಾಪಕವನ್ನು ಕುದಿಯುವ ನೀರಿನಲ್ಲಿ ಮುಳುಗಿಸದೆ ಅದರ ಮೇಲಿನ ಹಬೆಯಲ್ಲಿ ಹಿಡಿಯಬೇಕು ಎಂದು. ಪಾತ್ರೆಯ ನುಣುಪಿಗೂ ಬೆಂಕಿಯ ಉರಿಗೂ ತಕ್ಕಂತೆ ನೀರು ಚಂಚಲವಾಗಿರುತ್ತದೆ, ಹಬೆ ಸ್ಥಿರ.

ಹಾಗಾದರೆ ಉಪ್ಪನ್ನು ಹಾಕುತ್ತಲೇ ಹೋದರೆ ಎಲ್ಲಿಯವರೆಗೆ ಹೋಗಬಹುದು? ಕುದಿನೀರು ಹೀರಿಕೊಳ್ಳಬಹುದಾದ ಉಪ್ಪಿಗೆ ಒಂದು ಮಿತಿಯುಂಟು. ಲೀಟರಿಗೆ ಸುಮಾರು 400 ಗ್ರಾಂ ಆದಮೇಲೆ ಹಾಕಿದ ಉಪ್ಪು ತಳದಲ್ಲಿ ಹಾಗೆಯೇ ಕುಳಿತಿರುತ್ತದೆ. ಹೀಗೆ ತುಂಬಿ ತುಳುಕುವ ಉಪ್ಪುನೀರು ಸಮುದ್ರಮಟ್ಟದಲ್ಲಿ ಕುದಿಯುವುದು 109 ಡಿಗ್ರಿಯ ಹತ್ತಿರ. ಉಪ್ಪಿನ ಶಕ್ತಿಯ ತುತ್ತತುದಿ ಅದು. ಆದರೆ ಪ್ರೆಷರ್ ಕುಕ್ಕರು ಒಂದು ಚಿಟಿಕೆಯನ್ನೂ ಬೇಡದೆ, ಹಬೆಯನ್ನು ಒಳಗೇ ಕಟ್ಟಿಹಾಕಿ ನೀರಿನ ಮೇಲಿನ ಒತ್ತಡವನ್ನು ಇಮ್ಮಡಿಗೊಳಿಸಿ, 120 ಡಿಗ್ರಿಯ ಸುಮಾರಿಗೆ ತಲುಪುತ್ತದೆ. ಉಪ್ಪು ಆವಿಯ ಹೊರದಾರಿಯಲ್ಲಿ ನಿಂತು ಒಂದಿಷ್ಟು ಅಡ್ಡಿಮಾಡುವ ಬಡಪಾಯಿ. ಕುಕ್ಕರು ಬಾಗಿಲನ್ನೇ ಮುಚ್ಚುವ ಧಣಿ.

ಇಷ್ಟು ಹೇಳಿದ ಮೇಲೆ ಈ ನಿಯಮಕ್ಕೆ ಅಡುಗೆಯಲ್ಲಿ ಕೆಲಸವೇ ಇಲ್ಲವೆಂದು ಹುಡುಗ ತೀರ್ಮಾನಿಸಿದನು. ಅದೂ ಸರಿಯಲ್ಲ. ಸಕ್ಕರೆಯ ಅಣು ಉಪ್ಪಿನದಕ್ಕಿಂತ ಆರರಷ್ಟು ಭಾರ, ಮೇಲಾಗಿ ಒಡೆಯುವುದೂ ಇಲ್ಲ. ಆದ್ದರಿಂದ ತೂಕಕ್ಕೆ ತೂಕ ಹೋಲಿಸಿದರೆ ಸಕ್ಕರೆಯ ಪರಿಣಾಮ ಉಪ್ಪಿನ ಹನ್ನೆರಡನೆಯ ಒಂದು ಪಾಲಿನ ಹತ್ತಿರ. ಆದರೆ ಉಪ್ಪಿಗಿಲ್ಲದ ಒಂದು ಗುಣ ಸಕ್ಕರೆಗುಂಟು: ಕುದಿನೀರಿನಲ್ಲಿ ಅದು ತನ್ನ ತೂಕದ ಐದನೆಯ ಒಂದು ಪಾಲು ನೀರಿದ್ದರೂ ಕರಗಿಯೇ ಇರಬಲ್ಲದು. ಹೀಗಾಗಿ ಸಕ್ಕರೆಯ ನೀರನ್ನು ಕುದಿಸುತ್ತ ಹೋದರೆ ನೀರು ಆರಿ ಆರಿ, ಸಕ್ಕರೆಯ ಅಣುಗಳ ಪಾಲು ಹೆಚ್ಚಿ ಹೆಚ್ಚಿ, ಕುದಿಬಿಂದು ನೂರನ್ನು ದಾಟಿ ನೂರಹತ್ತಕ್ಕೆ, ನೂರಿಪ್ಪತ್ತಕ್ಕೆ ಏರುತ್ತದೆ. ನಮ್ಮ ಉಪ್ಪುನೀರಿನ ಪಾತ್ರೆಯಲ್ಲಿ ನಾವು ಕಾಫಿ ಕುಡಿದು ಬರುವಷ್ಟರಲ್ಲಿ ಮೂರು ಗೀರಿನಷ್ಟು ನಡೆದದ್ದು ಇಲ್ಲಿ ಇಪ್ಪತ್ತು ಡಿಗ್ರಿಯಷ್ಟು ನಡೆಯುತ್ತದೆ. ಮಂಡ್ಯದ ಕಡೆಯ ಆಲೆಮನೆಗಳಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ ಬೆಲ್ಲದ ಹದಕ್ಕೆ ತರುವಾಗ ಪಾಕ ಸುಮಾರು 118 ಡಿಗ್ರಿಯಲ್ಲಿರುತ್ತದೆ. ಪಾಕ ನೋಡುವವನು ಅದರ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ, ಹದ ಬಂದಿತೋ ಇಲ್ಲವೋ ಎಂದು ಹೇಳುತ್ತಾನೆ. ಅವನು ಅಳೆಯುತ್ತಿರುವುದು ನೀರು ಎಷ್ಟು ಉಳಿದಿದೆ ಎಂಬುದನ್ನು, ಮತ್ತು ಉಳಿದ ನೀರನ್ನೂ ಕುದಿಯುವ ಕಾವನ್ನೂ ಈ ನಿಯಮವು ಒಂದಕ್ಕೊಂದು ಕಟ್ಟಿಹಾಕಿದೆಯಾದ್ದರಿಂದ, ಒಂದನ್ನು ಅಳೆದರೆ ಎರಡನ್ನೂ ಅಳೆದಂತೆ.

ಆ ಮಾತು ಮುಗಿಯುವ ಹೊತ್ತಿಗೆ ಅತ್ತಿಗೆಯವರು ಸಾರನ್ನು ಇಳಿಸಿ, ಅದೇ ಒಲೆಯ ಮೇಲೆ ಮೈಸೂರು ಪಾಕಿಗೆಂದು ಬಾಣಲೆಯಲ್ಲಿ ಸಕ್ಕರೆ ಮತ್ತು ನೀರನ್ನು ಇಟ್ಟಿದ್ದರು. ಹುಡುಗನು ಉಷ್ಣಮಾಪಕವನ್ನು ಒರೆಸಿಕೊಂಡು ಹತ್ತಿರ ಬಂದನು. ಅವರು ಅದರ ಕಡೆಗೆ ನೋಡದೆ, ಸೌಟಿನಿಂದ ಒಂದು ತೊಟ್ಟು ಪಾಕವನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಮೆಲ್ಲನೆ ಬಿಡಿಸಿದರು. ನಡುವೆ ಒಂದು ಎಳೆ ನಿಂತಿತು, ಮುರಿಯಲಿಲ್ಲ. “ಆಯ್ತು, ಕಡಲೆಹಿಟ್ಟು ಕೊಡು” ಎಂದರು.